ಮೇಜು ಒಳಗೆ, ಹಲಗೆ ಹೊರಗೆ

ಒಬ್ಬ ಬಡಗಿಯ ಬಳಿ ಈ ವಾರಕ್ಕೆ 12 ಹಲಗೆಗಳಿವೆ. ಕೆಲಸಕ್ಕೆ ಸಿಗುವುದು 30 ಗಂಟೆ. ಕಡೆಸಿ ತಂದಿಟ್ಟ ಕಾಲುಗಳು, ನಾಲ್ಕು ನಾಲ್ಕು ಸೇರಿಸಿದರೆ, 8 ಸೆಟ್ ಆಗುತ್ತವೆ. ಅವನು ಮಾಡುವುದು ಎರಡೇ ವಸ್ತು: ಬೆತ್ತ ಹೆಣೆದ ಕುರ್ಚಿ ಮತ್ತು ಸಾದಾ ಮೇಜು. ಕುರ್ಚಿಗೆ ಒಂದು ಹಲಗೆ ಸಾಕು, ಆದರೆ ಬೆತ್ತ ಹೆಣೆಯಬೇಕಾದ್ದರಿಂದ 4 ಗಂಟೆ ಹಿಡಿಯುತ್ತದೆ. ಮೇಜಿಗೆ 2 ಹಲಗೆ ಬೇಕು, 3 ಗಂಟೆಯಲ್ಲಿ ಮುಗಿಯುತ್ತದೆ. ಎರಡಕ್ಕೂ ಒಂದೊಂದು ಸೆಟ್ ಕಾಲು. ಕುರ್ಚಿಯಿಂದ 300 ರೂಪಾಯಿ ಲಾಭ, ಮೇಜಿನಿಂದ 500. ಎಷ್ಟು ಕುರ್ಚಿ, ಎಷ್ಟು ಮೇಜು ಮಾಡಿದರೆ ಲಾಭ ಹೆಚ್ಚು?

ಈ ಬಡಗಿ ಲೆಕ್ಕಕ್ಕಾಗಿ ಕಲ್ಪಿಸಿಕೊಂಡವನು. ಅವನ ಪ್ರಶ್ನೆ ಮಾತ್ರ ಹಳೆಯದು, ದೊಡ್ಡದು. ಅಮೆರಿಕದ ವಾಯುಪಡೆಗಾಗಿ ಪೆಂಟಗನ್‌ನಲ್ಲಿ ಕೆಲಸ ಮಾಡುತ್ತಿದ್ದ ಗಣಿತಜ್ಞ ಜಾರ್ಜ್ ಡಾಂಟ್ಸಿಗ್ 1947ರಲ್ಲಿ ಇಂಥ ಪ್ರಶ್ನೆಗಳಿಗೆ ಒಂದು ವಿಧಾನ ಕಂಡುಕೊಂಡರು. ಅದೇ ಸಿಂಪ್ಲೆಕ್ಸ್. ಅದೇ ವರ್ಷ ಅದನ್ನು ಒಂದು ಆಹಾರದ ಲೆಕ್ಕದ ಮೇಲೆ ಪರೀಕ್ಷಿಸಲಾಯಿತು. ಒಬ್ಬ ಮನುಷ್ಯನಿಗೆ ಬೇಕಾದ ಪೋಷಕಾಂಶವೆಲ್ಲ ಸಿಗುವಂತೆ ಅತಿ ಕಡಿಮೆ ಖರ್ಚಿನ ಊಟ ಯಾವುದು ಎಂಬ ಆ ಲೆಕ್ಕದಲ್ಲಿ 9 ಸಮೀಕರಣ, 77 ಅವ್ಯಕ್ತಗಳಿದ್ದವು. ಕಂಪ್ಯೂಟರ್ ಇರಲಿಲ್ಲ. ಮೇಜಿನ ಮೇಲಿಡುವ, ಕೈಯಿಂದ ನಡೆಸುವ ಲೆಕ್ಕದ ಯಂತ್ರಗಳಲ್ಲಿ ಅದನ್ನು ಮುಗಿಸಲು ಒಬ್ಬ ಮನುಷ್ಯನ 120 ದಿನಗಳಷ್ಟು ದುಡಿಮೆ ಬೇಕಾಯಿತು. ಆ ದುಡಿಮೆಯ ಬಹುಪಾಲು ಒಂದೇ ಕೆಲಸದ ಪುನರಾವರ್ತನೆ. ಅದಕ್ಕೆ ಪಿವಟ್ ಎನ್ನುತ್ತಾರೆ. ಬಡಗಿಯ ಲೆಕ್ಕದಲ್ಲಿ ಅದನ್ನು ಒಂದು ಸಲ, ನಿಧಾನವಾಗಿ, ಮಾಡಿ ನೋಡಬಹುದು.

ಪಿಯುಸಿಯಲ್ಲಿ ಲೀನಿಯರ್ ಪ್ರೋಗ್ರಾಮಿಂಗ್ ಓದಿದವರು ಇದನ್ನು ಗ್ರಾಫ್ ಹಾಳೆಯಲ್ಲಿ ಬಿಡಿಸಿರುತ್ತಾರೆ: ಗೆರೆ ಎಳೆದು, ಮಧ್ಯದ ಜಾಗಕ್ಕೆ ಬಣ್ಣ ಹಚ್ಚಿ, ಮೂಲೆ ಮೂಲೆಗೂ ಲಾಭ ಲೆಕ್ಕ ಹಾಕಿ. ವಸ್ತು ಎರಡಿದ್ದರೆ ಹಾಳೆ ಸಾಕು. 77 ಇದ್ದರೆ ಎಳೆಯಲು ಹಾಳೆಯೇ ಇಲ್ಲ. ಸಿಂಪ್ಲೆಕ್ಸ್ ಮಾಡುವುದೂ ಮೂಲೆಯಿಂದ ಮೂಲೆಗೆ ಹೋಗುವುದನ್ನೇ, ಆದರೆ ಚಿತ್ರವಿಲ್ಲದೆ, ಅಂಕಿಗಳ ಕೋಷ್ಟಕದಲ್ಲಿ.

ಮೊದಲು ಕೋಷ್ಟಕ ಬರೆಯಬೇಕು. ಕುರ್ಚಿಗಳ ಸಂಖ್ಯೆ x, ಮೇಜುಗಳದು y ಇರಲಿ. ಹಲಗೆಯ ಮಿತಿ "x + 2y ಎಂಬುದು 12 ಮೀರಬಾರದು" ಎನ್ನುತ್ತದೆ. ಮೀರಬಾರದು ಎಂಬ ಮಾತನ್ನು ಸಮೀಕರಣ ಮಾಡಲು ಒಂದು ಸರಳ ದಾರಿಯಿದೆ: ಬಳಸದೆ ಉಳಿದ ಹಲಗೆಗೂ ಒಂದು ಹೆಸರು ಕೊಡುವುದು. ಉಳಿದ ಹಲಗೆ s1, ಉಳಿದ ಗಂಟೆ s2, ಉಳಿದ ಕಾಲಿನ ಸೆಟ್ s3. ಲಾಭವನ್ನು ನೂರು ರೂಪಾಯಿ ಲೆಕ್ಕದಲ್ಲಿ z ಎಂದರೆ z = 3x + 5y. ಅದನ್ನೂ ಎಡಕ್ಕೆ ತಂದು z - 3x - 5y = 0 ಎಂದು ಬರೆಯುತ್ತಾರೆ. ಅಕ್ಷರಗಳನ್ನು ತಲೆಸಾಲಿನಲ್ಲಿ ಒಮ್ಮೆ ಬರೆದು, ಕೆಳಗೆ ಅಂಕಿಗಳನ್ನು ಮಾತ್ರ ಇಟ್ಟರೆ ಕೋಷ್ಟಕ ಸಿದ್ಧ.

```
       x    y   s1   s2   s3 |
R1     1    2    1    0    0 | 12
R2     4    3    0    1    0 | 30
R3     1    1    0    0    1 |  8
Z     -3   -5    0    0    0 |  0
```

R1 ಹಲಗೆಯ ಸಾಲು, R2 ಗಂಟೆಯ ಸಾಲು, R3 ಕಾಲುಗಳ ಸಾಲು. ಈಗ ಬಡಗಿ ಏನನ್ನೂ ಮಾಡಿಲ್ಲ. ಕುರ್ಚಿ ಸೊನ್ನೆ, ಮೇಜು ಸೊನ್ನೆ, ಎಲ್ಲ ಸಾಮಗ್ರಿಯೂ ಹಾಗೆಯೇ ಇದೆ, ಲಾಭವೂ ಸೊನ್ನೆ. ಇದು ಮೊದಲ ಮೂಲೆ.

Z ಸಾಲಿನಲ್ಲಿ ಋಣ ಅಂಕಿ ಇದೆಯೆಂದರೆ, ಆ ವಸ್ತುವನ್ನು ಮಾಡಿದರೆ ಲಾಭ ಏರುತ್ತದೆ ಎಂದರ್ಥ. ಎರಡೂ ಋಣವೇ. ಹೆಚ್ಚು ಲಾಭದ್ದು ಮೇಜು, ಅಂದರೆ -5 ಇರುವ y ಕಂಬ. ಡಾಂಟ್ಸಿಗ್ ಅವರ ನಿಯಮವೂ ಇದೇ: ಎಲ್ಲಕ್ಕಿಂತ ಆಳವಾದ ಋಣವನ್ನು ಆರಿಸು. ಮೇಜು ಒಳಗೆ ಬರಲಿ.

ಎಷ್ಟು ಮೇಜು ಬರಬಹುದು? ಬಲತುದಿಯ ಅಂಕಿಯನ್ನು y ಕಂಬದ ಅಂಕಿಯಿಂದ ಭಾಗಿಸಬೇಕು. ಹಲಗೆಯ ಪ್ರಕಾರ 12 ಭಾಗಿಸು 2, ಅಂದರೆ 6 ಮೇಜು. ಗಂಟೆಯ ಪ್ರಕಾರ 30 ಭಾಗಿಸು 3, ಅಂದರೆ 10. ಕಾಲುಗಳ ಪ್ರಕಾರ 8. ಮೂವರಲ್ಲಿ ಮೊದಲು ಕೈಚೆಲ್ಲುವುದು ಹಲಗೆ. ಆರನೆಯ ಮೇಜಿಗೆ ಹಲಗೆ ಮುಗಿಯುತ್ತದೆ, s1 ಸೊನ್ನೆಯಾಗುತ್ತದೆ. ಹಾಗಾಗಿ ಮೇಜು ಒಳಗೆ, ಉಳಿದ ಹಲಗೆ ಹೊರಗೆ. R1 ಸಾಲೂ y ಕಂಬವೂ ಕೂಡುವಲ್ಲಿರುವ 2 ನಮ್ಮ ಪಿವಟ್.

ಇಲ್ಲಿ ಆತುರಪಟ್ಟವರು ಎಡವುತ್ತಾರೆ. ದೊಡ್ಡ ಭಾಗಲಬ್ಧ ಕಂಡು ಗಂಟೆಯ ಸಾಲನ್ನು ಆರಿಸಿದರೆ 10 ಮೇಜು ಎಂದಾಗುತ್ತದೆ. ಅದಕ್ಕೆ 20 ಹಲಗೆ ಬೇಕು, ಇರುವುದು 12. ಕೋಷ್ಟಕ ಇದನ್ನು ಮುಚ್ಚಿಡುವುದಿಲ್ಲ. ಹಲಗೆಯ ಸಾಲಿನ ಬಲತುದಿಯಲ್ಲಿ -8 ಬಂದು ಕೂರುತ್ತದೆ. ಪಿವಟ್ ಆದ ಮೇಲೆ ಬಲಗಡೆ ಎಲ್ಲಾದರೂ ಋಣ ಅಂಕಿ ಕಂಡರೆ, ಸಾಲಿನ ಆಯ್ಕೆ ತಪ್ಪಿದೆ, ಇಲ್ಲವೇ ಕೂಡಿಕಳೆಯುವಲ್ಲಿ ತಪ್ಪಿದೆ. ಇನ್ನೊಂದು ಎಚ್ಚರ: ಆರಿಸಿದ ಕಂಬದಲ್ಲಿ ಸೊನ್ನೆ ಅಥವಾ ಋಣ ಅಂಕಿಯಿರುವ ಸಾಲುಗಳನ್ನು ಈ ಭಾಗಾಕಾರದಿಂದ ಬಿಡಬೇಕು. ಆ ಸಾಮಗ್ರಿ ಹೊಸ ವಸ್ತುವಿನಿಂದ ಖಾಲಿಯಾಗುವುದೇ ಇಲ್ಲ.

ಈಗ ಸಾಲುಗಳ ಕೆಲಸ. ಗುರಿ ಒಂದೇ: y ಕಂಬದಲ್ಲಿ ಪಿವಟ್ ಇರುವಲ್ಲಿ 1, ಉಳಿದೆಡೆ ಸೊನ್ನೆ. ಮೊದಲು R1 ಅನ್ನು ಪೂರ್ತಿ 2ರಿಂದ ಭಾಗಿಸಬೇಕು. ಸಿಗುವುದು 0.5, 1, 0.5, 0, 0, ಬಲತುದಿಗೆ 6. ಇದು ಹೊಸ R1. ಇನ್ನು ಮುಂದೆ ಉಳಿದ ಸಾಲುಗಳನ್ನು ತಿದ್ದುವುದೆಲ್ಲ ಈ ಹೊಸ ಸಾಲಿನಿಂದಲೇ, ಹಳೆಯದರಿಂದಲ್ಲ.

R2ರಲ್ಲಿ y ಕಂಬದ ಅಂಕಿ 3. ಅದು ಸೊನ್ನೆಯಾಗಲು ಹೊಸ R1ರ ಮೂರರಷ್ಟನ್ನು R2ರಿಂದ ಕಳೆಯಬೇಕು. x ಕಂಬದಲ್ಲಿ 4ರಿಂದ 1.5 ಹೋದರೆ 2.5. y ಕಂಬದಲ್ಲಿ 3ರಿಂದ 3 ಹೋಗಿ ಸೊನ್ನೆ. s1 ಕಂಬದಲ್ಲಿ ಸೊನ್ನೆಯಿಂದ 1.5 ಕಳೆದು -1.5. s2 ಮತ್ತು s3 ಹಾಗೆಯೇ. ಬಲತುದಿಯಲ್ಲಿ 30ರಿಂದ 18 ಹೋಗಿ 12. R3ಕ್ಕೆ ಹೊಸ R1 ಅನ್ನು ಒಂದು ಸಲ ಕಳೆದರೆ ಸಾಕು. Z ಸಾಲಿನಲ್ಲಿರುವುದು -5, ಹಾಗಾಗಿ ಅಲ್ಲಿ ಕಳೆಯದೆ ಐದರಷ್ಟನ್ನು ಕೂಡಿಸಬೇಕು.

```
       x    y    s1   s2   s3 |
R1   0.5    1   0.5    0    0 |  6
R2   2.5    0  -1.5    1    0 | 12
R3   0.5    0  -0.5    0    1 |  2
Z   -0.5    0   2.5    0    0 | 30
```

ಒಂದು ಪಿವಟ್ ಮುಗಿಯಿತು. ಓದಿದರೆ: 6 ಮೇಜು, ಕುರ್ಚಿ ಇಲ್ಲ, ಉಳಿದ ಗಂಟೆ 12, ಉಳಿದ ಕಾಲು 2 ಸೆಟ್, ಲಾಭ 3,000 ರೂಪಾಯಿ. ಕೋಷ್ಟಕ ಬಿಟ್ಟು ಬಡಗಿಯ ಲೆಕ್ಕದಿಂದಲೇ ತಾಳೆ ನೋಡಬಹುದು. 6 ಮೇಜಿಗೆ 18 ಗಂಟೆ, 30ರಲ್ಲಿ ಉಳಿಯುವುದು 12. ಸರಿ.

ಆದರೆ ಈ ತಾಳೆ ಬಲತುದಿಯನ್ನು ಮಾತ್ರ ಪರೀಕ್ಷಿಸುತ್ತದೆ. ನಡುವಿನ ಅಂಕಿಗಳಲ್ಲಿ ತಪ್ಪಿದ್ದರೆ ಅದು ಸುಮ್ಮನೆ ಮುಂದಿನ ಹಂತಕ್ಕೆ ಹೋಗಿ ಅಲ್ಲಿ ಉತ್ತರ ಕೆಡಿಸುತ್ತದೆ. ಅದಕ್ಕೊಂದು ಉಪಾಯವಿದೆ. ಪ್ರತಿ ಸಾಲಿನ ಎಲ್ಲ ಅಂಕಿಗಳನ್ನೂ ಕೂಡಿಸಿ, ಆ ಮೊತ್ತವನ್ನು ಪಕ್ಕದಲ್ಲಿ ಇನ್ನೊಂದು ಕಂಬವಾಗಿ ಬರೆದುಕೊಳ್ಳುವುದು. ಸಾಲಿಗೆ ಏನು ಮಾಡುತ್ತೇವೋ ಅದನ್ನು ಮೊತ್ತಕ್ಕೂ ಮಾಡುವುದು. ಮೊದಲ ಕೋಷ್ಟಕದಲ್ಲಿ R1ರ ಮೊತ್ತ 16, ಅರ್ಧ ಮಾಡಿದರೆ 8. R2ರ ಮೊತ್ತ 38, ಅದರಿಂದ 8ರ ಮೂರರಷ್ಟು ಕಳೆದರೆ 14. ಹೊಸ R2ರ ಅಂಕಿಗಳನ್ನು ಕೂಡಿಸಿದರೂ 14 ಬರಬೇಕು, ಬರುತ್ತದೆ. ಕೈಲೆಕ್ಕದಲ್ಲಿ ಸುಲಭವಾಗಿ ಆಗುವ ತಪ್ಪು s1 ಕಂಬದ್ದು. ಅಲ್ಲಿ ಮೊದಲು ಸೊನ್ನೆ ಇತ್ತಲ್ಲ ಎಂದು ಸೊನ್ನೆಯನ್ನೇ ಉಳಿಸಿಬಿಟ್ಟರೆ ಮೊತ್ತ 15.5 ಬಂದು ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ನಿಜವಾದ ಸೊಗಸಿರುವುದು ಹೊಸ ಕೋಷ್ಟಕದ x ಕಂಬದಲ್ಲಿ. ಮೊದಲು ಅಲ್ಲಿ 1, 4, 1 ಇತ್ತು. ಒಂದು ಕುರ್ಚಿಗೆ ಒಂದು ಹಲಗೆ, 4 ಗಂಟೆ, ಒಂದು ಸೆಟ್ ಕಾಲು ಎಂದು. ಈಗ 0.5, 2.5, 0.5 ಆಗಿದೆ. ಕುರ್ಚಿ ಮಾಡುವ ಬಗೆ ಬದಲಾಗಿಲ್ಲ. ಬದಲಾಗಿದ್ದು ಪರಿಸ್ಥಿತಿ: ಹಲಗೆಯೆಲ್ಲ ಮೇಜುಗಳಿಗೆ ಹೋಗಿದೆ. ಈಗ ಒಂದು ಕುರ್ಚಿ ಬೇಕೆಂದರೆ ಅದರ ಹಲಗೆಗಾಗಿ ಅರ್ಧ ಮೇಜನ್ನು ಬಿಟ್ಟುಕೊಡಬೇಕು. R1ರ 0.5 ಹೇಳುವುದು ಅದನ್ನೇ. ಅರ್ಧ ಮೇಜು ಬಿಟ್ಟರೆ ಒಂದೂವರೆ ಗಂಟೆ ವಾಪಸ್ ಬರುತ್ತದೆ, ಹಾಗಾಗಿ ಕುರ್ಚಿಗೆ ಹೆಚ್ಚುವರಿಯಾಗಿ ಬೇಕಾಗುವುದು ಎರಡೂವರೆ ಗಂಟೆ. ಅರ್ಧ ಸೆಟ್ ಕಾಲೂ ವಾಪಸ್ ಬರುತ್ತದೆ. ಲಾಭದಲ್ಲಿ ಕುರ್ಚಿ 300 ತರುತ್ತದೆ, ಬಿಟ್ಟ ಅರ್ಧ ಮೇಜು 250 ಕಳೆಯುತ್ತದೆ. ನಿವ್ವಳ 50 ರೂಪಾಯಿ. Z ಸಾಲಿನ -0.5 ಆ ಐವತ್ತೇ.

ಹೀಗೆ ನೋಡಿದರೆ, ಮೂರರಷ್ಟು ಕಳೆ, ಐದರಷ್ಟು ಕೂಡಿಸು ಎಂಬ ಕೆಲಸ ಬರೀ ಯಾಂತ್ರಿಕವಲ್ಲ. ಮೇಜುಗಳನ್ನು ಹಲಗೆಯ ಸಮೀಕರಣದ ಮೂಲಕ ಬರೆದು, ಅದನ್ನು ಉಳಿದ ಎಲ್ಲ ಸಮೀಕರಣಗಳಲ್ಲೂ ಆದೇಶಿಸಿದ್ದೇವೆ, ಅಷ್ಟೇ. s1 ಕಂಬದ 2.5 ಕೂಡ ಹಾಗೆಯೇ ಓದಿಸಿಕೊಳ್ಳುತ್ತದೆ: ಈ ಹಂತದಲ್ಲಿ ಒಂದು ಹಲಗೆಯನ್ನು ಬಳಸದೆ ಎತ್ತಿಟ್ಟರೆ ಅರ್ಧ ಮೇಜು ಕೈತಪ್ಪುತ್ತದೆ, 250 ರೂಪಾಯಿ ನಷ್ಟ.

Z ಸಾಲಿನಲ್ಲಿ ಇನ್ನೂ ಒಂದು ಋಣ ಉಳಿದಿರುವುದರಿಂದ ಕೆಲಸ ಮುಗಿದಿಲ್ಲ. x ಕಂಬದಲ್ಲಿ ಭಾಗಿಸಿದರೆ 12, 4.8, 4 ಬರುತ್ತವೆ. ಈ ಸಲ ಮೊದಲು ಮುಗಿಯುವುದು ಕಾಲುಗಳು. 4 ಕುರ್ಚಿ ಬರುತ್ತವೆ, ಅವಕ್ಕಾಗಿ 2 ಮೇಜು ಹೋಗಿ 4 ಉಳಿಯುತ್ತವೆ. ಕುರ್ಚಿಗೆ 50ರಂತೆ 200 ರೂಪಾಯಿ ಸೇರಿ ಲಾಭ 3,200 ಆಗುತ್ತದೆ. ಉತ್ತರ ಇಲ್ಲಿ ಪೂರ್ಣಾಂಕವಾಗಿ ಬಂದದ್ದು ಅಂಕಿಗಳನ್ನು ಹಾಗೆ ಆರಿಸಿದ್ದರಿಂದ. ಸಿಂಪ್ಲೆಕ್ಸ್‌ಗೆ ಅರ್ಧ ಮೇಜೂ ಒಪ್ಪಿಗೆಯೇ. ಪೂರ್ಣಾಂಕವೇ ಬೇಕೆಂದರೆ ಬೇರೆ ವಿಧಾನ ಬೇಕು. ಆ ಎರಡನೆಯ ಪಿವಟ್ ಆದ ಮೇಲೆ Z ಸಾಲಿನಲ್ಲಿ s1 ಕೆಳಗೆ 2, s3 ಕೆಳಗೆ 1, ಉಳಿದೆಲ್ಲ ಸೊನ್ನೆ. ಋಣ ಒಂದೂ ಇಲ್ಲ. ಹಲಗೆ ಮುಗಿದಿದೆ, ಕಾಲುಗಳು ಮುಗಿದಿವೆ, ಬಡಗಿಗೆ 2 ಗಂಟೆ ಬಿಡುವು ಉಳಿದಿದೆ.