ಧಾರೆಯ ರವಿಕೆಗೆ ಎರಡು ಇಂಚು ಬೇಕಿತ್ತು

ಕನ್ಯಾನ: ಮದುವೆಯ ಹಂಗಾಮು ಬಂತೆಂದರೆ ಪೇಟೆಯ ಹೊಲಿಗೆ ಮಿಷನ್ನುಗಳಿಗೆ ಪುರುಸೊತ್ತಿಲ್ಲ. ಸೀರೆಗೆಂದು ಪುತ್ತೂರು, ಮಂಗಳೂರು, ಕಾಸರಗೋಡು ಎಂದು ಬಸ್ಸು ಹತ್ತುವವರು ರವಿಕೆಗೆ ಮಾತ್ರ ಅಳತೆ ಗೊತ್ತಿರುವ ಊರಿನ ಟೈಲರನನ್ನೇ ಹುಡುಕಿಕೊಂಡು ಬರುತ್ತಾರೆ. ಇದು ಅಂಥ ಒಂದು ರವಿಕೆಯ ಕಥೆ. ಹೊಸದಲ್ಲ, ಮೂವತ್ತು ವರ್ಷ ಪೆಟ್ಟಿಗೆಯಲ್ಲಿ ಮಲಗಿದ್ದ ಹಳೆಯ ರವಿಕೆ.

ಗುರುವಾರ ಬೆಳಿಗ್ಗೆ ತಾಯಿ, ಮಗಳು ಇಬ್ಬರೂ ಅಂಗಡಿಗೆ ಬಂದರು. ಮಗಳ ಮದುವೆ ಭಾನುವಾರ. ತಾಯಿ ಧಾರೆಗೆ ಉಟ್ಟ ಕೆಂಪು ಕಾಂಚೀಪುರಂ ಸೀರೆಯನ್ನೇ ಮಗಳೂ ಉಡುವುದೆಂದು ತೀರ್ಮಾನವಾಗಿತ್ತು. ಸೀರೆಗೆ ಅಳತೆಯ ತೊಂದರೆ ಇಲ್ಲ. ತೊಂದರೆ ಇದ್ದದ್ದು ಅದೇ ಸೀರೆಯ ಜೊತೆ ನೇಯ್ದು ಬಂದ ತುಂಡಿನಲ್ಲಿ ಹೊಲಿದ ರವಿಕೆಗೆ. ಅದರ ಸುತ್ತಳತೆ 33 ಇಂಚು, ಹುಡುಗಿಗೆ ಬೇಕಾದದ್ದು 35.

“ಎರಡು ಕಡೆ ಕೇಳಿದೆವು ಟೈಲರಣ್ಣ. ಹೊಸತು ಹೊಲಿಸಿ, ಇದು ಆಗುವುದಿಲ್ಲ ಅಂದರು,” ಎಂದರು ತಾಯಿ.

ಎಪ್ಪತ್ತು ದಾಟಿದ ಟೈಲರು ಹ್ಞೂಂ ಎನ್ನಲಿಲ್ಲ, ಉಹ್ಞೂಂ ಎನ್ನಲಿಲ್ಲ. ರವಿಕೆಯನ್ನು ಒಳಮಗ್ಗುಲು ಹೊರಗೆ ಮಾಡಿ ಮೇಜಿನ ಮೇಲೆ ಹರಡಿದರು. ರವಿಕೆಯ ಜಾತಕ ಇರುವುದು ಒಳಗಡೆ.

ಸಾಮಾನ್ಯವಾಗಿ ಎರಡು ಇಂಚು ಬಿಡಿಸುವುದು ದೊಡ್ಡ ಕೆಲಸವಲ್ಲ. ಪಕ್ಕದ ಹೊಲಿಗೆಯ ಒಳಗೆ ಮುಕ್ಕಾಲು ಇಂಚು ಬಟ್ಟೆ ಬಿಟ್ಟಿದ್ದರೆ ಸಾಕು. ಮುಂಭಾಗದಿಂದ ಅರ್ಧ ಇಂಚು, ಬೆನ್ನಿನಿಂದ ಅರ್ಧ ಇಂಚು ತೆಗೆದರೆ ಒಂದು ಪಕ್ಕಕ್ಕೆ ಒಂದು ಇಂಚು, ಎರಡು ಪಕ್ಕಕ್ಕೆ ಎರಡು ಇಂಚು ಸಿಕ್ಕಿತು. ಆದರೆ ಇಲ್ಲಿ ಒಳಗೆ ಉಳಿದದ್ದು ಬರೀ ಕಾಲು ಇಂಚು. ಹೊಲಿಗೆಯ ಒಂದು ಬದಿಯಲ್ಲಿ ಸಾಲು ಸಾಲು ಸೂಜಿ ತೂತುಗಳು.

“ಅಕ್ಕಾ, ಇದನ್ನು ಒಮ್ಮೆ ಬಿಡಿಸಿ ಆಗಿದೆ ಅಲ್ವಾ?”

ತಾಯಿ ನಕ್ಕರು. ದೊಡ್ಡ ಮಗ ಹುಟ್ಟಿದ ಮೇಲೆ ಹೌದಂತೆ. ಹತ್ತಿಯಲ್ಲಾದರೆ ನೀರು ಬಿದ್ದಾಗ ಸೂಜಿಯ ತೂತು ಸ್ವಲ್ಪ ಮುಚ್ಚಿಕೊಳ್ಳುತ್ತದೆ. ರೇಷ್ಮೆಯಲ್ಲಿ ಅದು ಉಳಿದೇ ಬಿಡುತ್ತದೆ.

ಮುಂದೆ ಕಂಕುಳು. ಬೆವರಿನ ಉಪ್ಪು ರೇಷ್ಮೆಯನ್ನು ತಿನ್ನುತ್ತದೆ. ಟೈಲರು ಆ ಭಾಗವನ್ನು ಬೆಳಕಿಗೆ ಹಿಡಿದು ಎರಡು ಹೆಬ್ಬೆರಳಲ್ಲಿ ಮೆಲ್ಲಗೆ ಎಳೆದರು. ಎಳೆಗಳು ಜರುಗಿ ನಡುವೆ ಬೆಳಕು ಕಂಡರೆ ಬಟ್ಟೆ ಸೋತಿದೆ ಎಂದರ್ಥ. ‘ಚರ್’ ಎಂದು ಸದ್ದು ಬಂದರೆ ಮಡಚಿ ವಾಪಸು ಕೊಡುವುದೇ ಸರಿ. ಸದ್ದು ಬರಲಿಲ್ಲ, ಆದರೆ ಒಂದು ರೂಪಾಯಿ ಪಾವಲಿಯಷ್ಟು ಜಾಗದಲ್ಲಿ ಬೆಳಕು ಕಂಡಿತು.

ಹಾಗಾದರೆ ಬಟ್ಟೆ ಎಲ್ಲಿಂದ? ಅಂಗಡಿಯ ಕೆಂಪು ರೇಷ್ಮೆ ತಂದರೆ ಬಣ್ಣ ಹೊಂದುವುದಿಲ್ಲ. ಟೈಲರ ಬೆರಳು ಸೊಂಟದ ಪಟ್ಟಿಯ ಮೇಲೆ ನಿಂತಿತು. ಎದೆಯ ಕೆಳಗೆ ಮುಂಭಾಗದ ಎರಡು ಬದಿಗೂ ಒಂದೊಂದು ಪಟ್ಟಿ ಇರುತ್ತದೆ, ಅದು ಎರಡು ಪದರ. ಒಳಪದರಕ್ಕೆ ಈಗ ಸಾದಾ ಹತ್ತಿ ಬಟ್ಟೆ ಹಾಕುವುದೇ ಹೆಚ್ಚು. ಆ ಕಾಲದ ಟೈಲರು ಮಾತ್ರ ಉಳಿದ ರೇಷ್ಮೆಯನ್ನು ಬಿಸಾಡದೆ ಒಳಗೂ ರೇಷ್ಮೆಯನ್ನೇ ಇಟ್ಟಿದ್ದ. ಎಂಟು ಇಂಚು ಉದ್ದ, ಮೂರು ಇಂಚು ಅಗಲದ ಎರಡು ತುಂಡು!

“ಆಗ್ತದೆ ಮಗಾ,” ಎಂದರು ಹುಡುಗಿಗೆ. “ಆದರೆ ಹೊಸದರ ಹಾಗೆ ಆಗ್ತದೆ ಅಂತ ಹೇಳುವುದಿಲ್ಲ.”

ಲೆಕ್ಕ ಹೀಗೆ. ಪಕ್ಕಕ್ಕೆ ಒಂದು ಇಂಚು ಅಗಲದ ಪಟ್ಟಿ ಕೊಡಬೇಕು. ಹೊಲಿಗೆಗೆ ಎರಡೂ ಕಡೆ ಮುಕ್ಕಾಲು ಮುಕ್ಕಾಲು ಸೇರಿಸಿ ಎರಡೂವರೆ ಇಂಚಿಗೆ ಕತ್ತರಿಸಿದರು. ಪಟ್ಟಿ ಕೂಡಿಸಿದಾಗ ಕಂಕುಳ ಸುತ್ತೂ ಒಂದು ಇಂಚು ದೊಡ್ಡದಾಗುತ್ತದೆ, ಆದ್ದರಿಂದ ತೋಳೂ ಅಷ್ಟೇ ದೊಡ್ಡದಾಗಬೇಕು. ಇಲ್ಲಿ ಹಳೆಯ ಟೈಲರು ಮತ್ತೆ ಉಪಕಾರ ಮಾಡಿದ್ದ. ತೋಳಿನ ಹೊಲಿಗೆಯೊಳಗೆ ಮುಕ್ಕಾಲು ಇಂಚು ಹಾಗೇ ಇತ್ತು.

ಬಿಚ್ಚುವುದೇ ಅರ್ಧ ಕೆಲಸ. ಬ್ಲೇಡಿನಲ್ಲಿ ಸರ್ರನೆ ಎಳೆದರೆ ರೇಷ್ಮೆಗೆ ಗಾಯ. ಟೈಲರು ಒಂದು ಬದಿಯಲ್ಲಿ ಮೂರು ನಾಲ್ಕು ಹೊಲಿಗೆಗೊಮ್ಮೆ ನೂಲು ಕತ್ತರಿಸಿ, ತಿರುಗಿಸಿ, ಇನ್ನೊಂದು ಬದಿಯ ನೂಲನ್ನು ಎಳೆದರು. ಅದು ಉದ್ದಕ್ಕೆ ಬಿಟ್ಟುಕೊಂಡು ಬಂತು. ತೋಳು ಬಿಚ್ಚಿದಾಗ ಒಳಗೆ ಅಡಗಿದ್ದ ಜರಿ ಅಂಚು ಹೊಸ ಬಂಗಾರದ ಹಾಗೆ ಹೊಳೆಯಿತು. ಹೊರಗಿನದು ಕಂದಿತ್ತು.

“ಹುಣಸೆ ಹುಳಿ ಹಾಕಿ ತಿಕ್ಕಿದರೆ?” ಎಂದು ಕೇಳಿದರು ತಾಯಿ.

“ಅದು ಹಿತ್ತಾಳೆ ಚೆಂಬು ಅಲ್ಲ ಅಕ್ಕಾ. ಬೆಳ್ಳಿ ಇದ್ದದ್ದಕ್ಕೇ ಕಪ್ಪಾದದ್ದು. ಮೇಲಿನ ಬಂಗಾರದ ನೀರು ತಿಕ್ಕಿದರೆ ಹೋದೀತು.”

ಹುಡುಗಿಗೆ ತೋಳಿನ ಕೆಳಗೆ ಒಂದು ಗೆರೆ ಹೊಳಪು ಹೆಚ್ಚು ಕಾಣುತ್ತದೆ. ಹಾಗೇ ಇರಲಿ ಎಂದಾಯಿತು.

ಅಂಗಡಿಯ ಹುಡುಗ ಪಾಲಿಯೆಸ್ಟರ್ ನೂಲಿನ ಉಂಡೆ ತಂದ. ಗಟ್ಟಿ ನೂಲು, ಜಗ್ಗಿದರೂ ಹರಿಯದು. ಟೈಲರು ಅದನ್ನು ಆಚೆ ಇಟ್ಟು ತೆಳು ಹತ್ತಿ ನೂಲು ಪೋಣಿಸಿದರು.

“ಹಳೇ ಬಟ್ಟೆಗಿಂತ ನೂಲು ಗಟ್ಟಿ ಇರಬಾರದು ಮಾರಾಯ. ಎಳೆತ ಬಿದ್ದಾಗ ಎರಡರಲ್ಲಿ ಒಂದು ಹರಿಯಲೇಬೇಕು. ನೂಲು ಹರಿದರೆ ನಾಳೆ ಹೊಲಿಯಬಹುದು. ಬಟ್ಟೆ ಹರಿದರೆ ಯಾರು ನೇಯ್ದು ಕೊಡುವುದು?”

ಮಿಷನ್ನಿಗೆ ಹೊಸ 11ನೇ ನಂಬರಿನ ಸೂಜಿ ಹಾಕಿದರು. ಮೊಂಡು ಸೂಜಿ ರೇಷ್ಮೆಯ ಎಳೆಯನ್ನು ಎಳೆದು ಅಡ್ಡಕ್ಕೆ ಗೆರೆ ಬೀಳಿಸುತ್ತದೆ. ಸೋತ ಕಂಕುಳಿಗೆ ಒಳಗಿನಿಂದ ಮೆತ್ತನೆಯ ಮಲ್ ಬಟ್ಟೆಯ ತೇಪೆ ಇಟ್ಟು, ಸೋತ ಜಾಗದಿಂದ ಆಚೆ, ಗಟ್ಟಿ ಬಟ್ಟೆ ಸಿಗುವಲ್ಲಿ ಕೈಹೊಲಿಗೆ ಹಾಕಿದರು. ಸೊಂಟದ ಪಟ್ಟಿಗೆ ಹಾಕುವ ಹತ್ತಿ ಬಟ್ಟೆಯನ್ನು ಮೊದಲು ನೀರಲ್ಲಿ ಅದ್ದಿ ಒಣಗಿಸಿದ್ದರು. ಅದು ಆಮೇಲೆ ಕುಗ್ಗಿದರೆ ಮೇಲಿನ ರೇಷ್ಮೆ ಸುಕ್ಕುಗಟ್ಟುತ್ತದೆ.

ಶುಕ್ರವಾರ ಸಂಜೆ ಹುಡುಗಿ ಹಾಕಿ ನೋಡಿದಳು. ಕೈ ಇಳಿಬಿಟ್ಟು ನಿಂತಾಗ ಸರಿಯೇ ಇತ್ತು.

“ಧಾರೆಗೆ ಹಿಡಿದ ಹಾಗೆ ಎರಡೂ ಕೈ ಮುಂದೆ ಹಿಡಿ ನೋಡುವಾ.”

ಹಿಡಿದಳು. ಬೆನ್ನಲ್ಲಿ ಕಂಕುಳಿನಿಂದ ಓರೆಯಾಗಿ ಎರಡು ಸುಕ್ಕು ಎದ್ದವು. ನೆಟ್ಟಗೆ ನೇತಾಡುವ ಸುಕ್ಕಾದರೆ ಸಡಿಲ, ಓರೆ ಸುಕ್ಕಾದರೆ ಬಿಗಿ. ಮದುವೆ ಮಂಟಪದಲ್ಲಿ ಎಳೆತ ಬೀಳುವುದು ಆ ಹೊತ್ತಿಗೇ, ಅದೇ ಜಾಗಕ್ಕೇ. ತೋಳಿನ ಹಿಂಬದಿ ಒಂದೂವರೆ ಇಂಚು ಮಾತ್ರ ಬಿಚ್ಚಿ, ಬಟ್ಟೆಯನ್ನು ತುಸು ಹೊರಬಿಟ್ಟು ಕೈಯಲ್ಲೇ ಹೊಲಿದರು. ಮತ್ತೊಮ್ಮೆ ಕೈ ಚಾಚಿಸಿದಾಗ ಒಂದು ಸುಕ್ಕು ಹೋಯಿತು, ಇನ್ನೊಂದು ಕಂಡೂ ಕಾಣದಷ್ಟು ಉಳಿಯಿತು. ಅದನ್ನೂ ತೆಗೆಯಲು ಹೋದರೆ ಕಂಕುಳ ಬಟ್ಟೆ ತಾಳದು ಎಂದು ಅಲ್ಲಿಗೇ ಬಿಟ್ಟರು.

ಪಕ್ಕದ ಪಟ್ಟಿಯ ಬಣ್ಣ ಒಂದು ಛಾಯೆ ಗಾಢ. ಬೆಳಕೇ ಕಾಣದೆ ಒಳಗಿದ್ದ ಬಟ್ಟೆಯಲ್ಲವೇ? ಉದ್ದ ಅಡ್ಡ ತಿರುಗಿಸಿದ್ದರಿಂದ ಹೊಳಪೂ ಬೇರೆ. ಎಡಗಡೆ ಸೆರಗು ಮುಚ್ಚುತ್ತದೆ, ಬಲಗಡೆ ತೋಳು ಮುಚ್ಚುತ್ತದೆ. ಕೊನೆಗೆ ಒಳಮಗ್ಗುಲಿಗೆ, ಮೇಲೆ ಹತ್ತಿ ಬಟ್ಟೆ ಹಾಸಿ, ನೀರು ಚಿಮುಕಿಸದೆ ಇಸ್ತ್ರಿ. ರೇಷ್ಮೆಗೆ ನೀರಿನ ಹನಿ ಬಿದ್ದರೆ ಉಂಗುರದ ಹಾಗೆ ಕಲೆ ನಿಲ್ಲುತ್ತದೆ.

ಹೊಸ ರವಿಕೆ ಹೊಲಿಸುವವರಿಗೆ ಟೈಲರು ಹೇಳುವ ಮಾತು ಒಂದೇ: ಪಕ್ಕಕ್ಕೂ ತೋಳಿಗೂ ಮುಕ್ಕಾಲು ಇಂಚು ಒಳಗೆ ಬಿಡಿಸಿಕೊಳ್ಳಿ, ಉಳಿದ ತುಂಡನ್ನು ಕೇಳಿ ತೆಗೆದುಕೊಳ್ಳಿ. ಈ ರವಿಕೆಯಲ್ಲಿ ಕತ್ತರಿಸಿ ಉಳಿದದ್ದು ಅರ್ಧ ಇಂಚು ಅಗಲದ ಎರಡು ಎಳೆ ರೇಷ್ಮೆ. ಅದನ್ನು ಅವರು ಸೊಂಟದ ಪಟ್ಟಿಯೊಳಗೆ ಮಡಚಿಟ್ಟು ಹೊಲಿದಿದ್ದಾರೆ. ಮುಂದೆ ಬಿಚ್ಚುವವನಿಗೆ ಒಂದು ತೇಪೆಗಾದರೂ ಆದೀತು.