ಕೃತವನ್ನು ಅರಿತು ಬರೆಯುವ ಪತ್ರ

'ಕೃತಜ್ಞ' ಎಂಬ ಪದವನ್ನು ನಾವು ದಿನವೂ ಬಳಸುತ್ತೇವೆ. ಅದನ್ನು ಬಿಡಿಸಿ ನೋಡುವುದು ಅಪರೂಪ. 'ಕೃತ' ಎಂದರೆ ಮಾಡಿದುದು. 'ಜ್ಞ' ಎಂದರೆ ಅರಿತವನು. ತನಗಾಗಿ ಮಾಡಲ್ಪಟ್ಟುದು ಏನೆಂಬುದನ್ನು ಅರಿತವನೇ ಕೃತಜ್ಞ. ಮಾಡಿದುದನ್ನು ಕೊಲ್ಲುವವನು ಕೃತಘ್ನ. ಈ ಇಬ್ಬರ ನಡುವೆ ಮತ್ತೊಬ್ಬನಿರುತ್ತಾನೆ. ಅವನು ಕೃತವನ್ನು ಕೊಂದಿರುವುದಿಲ್ಲ, ಆದರೆ ಅದು ಏನೆಂದು ಹೇಳಲಾರ. ಗುರುವಿನ ಮೇಲೆ ಅವನಿಗೆ ಭಕ್ತಿಯುಂಟು. ಕಣ್ಣಿನಲ್ಲಿ ನೀರೂ ಬರುತ್ತದೆ. ಆದರೆ 'ಗುರುಗಳು ನಿನಗೆ ಮಾಡಿದ್ದೇನು?' ಎಂದು ಕೇಳಿದರೆ 'ಎಲ್ಲವೂ ಅವರಿಂದಲೇ' ಎಂದುಬಿಡುತ್ತಾನೆ. ನಮ್ಮ ಪೈಕಿ ಬಹುಮಂದಿ ಈ ಮೂರನೆಯ ವರ್ಗಕ್ಕೆ ಸೇರಿದವರು. ಗುರುಗಳಿಗೆ ಬರೆಯಲು ಕುಳಿತಾಗ ಈ ಕೊರತೆ ಹೊರಬೀಳುತ್ತದೆ.

ಎರಡು ವರ್ಷಗಳ ಹಿಂದೆ ಹಳೆಯ ವಿದ್ಯಾರ್ಥಿಯೊಬ್ಬರು ಒಂದು ಪತ್ರದ ಕರಡನ್ನು ಹಿಡಿದು ನನ್ನಲ್ಲಿಗೆ ಬಂದರು. ಅವರು ತಾಲ್ಲೂಕು ಕೇಂದ್ರವೊಂದರಲ್ಲಿ ದಸ್ತಾವೇಜುಗಳನ್ನು ಬರೆದುಕೊಡುವ ವೃತ್ತಿಯವರು. ತಮಗೆ ಕನ್ನಡ ಕಲಿಸಿದ, ಈಗ ಎಂಬತ್ತು ದಾಟಿರುವ ಉಪಾಧ್ಯಾಯರಿಗೆ ಆ ಪತ್ರವನ್ನು ಕಳುಹಿಸುವವರಿದ್ದರು. 'ಕಾಗುಣಿತ ತಪ್ಪಿದ್ದರೆ ತಿದ್ದಿಕೊಡಿ ಪಂಡಿತರೇ' ಎಂದು ಕೇಳಿದರು. ಕರಡಿನಲ್ಲಿ ಕಾಗುಣಿತದ ತಪ್ಪು ಒಂದೂ ಇರಲಿಲ್ಲ. ಜ್ಞಾನನಿಧಿಗಳೂ, ಕರುಣಾಸಾಗರರೂ, ಶಿಷ್ಯವತ್ಸಲರೂ, ನಿಸ್ವಾರ್ಥ ಸೇವಾಧುರೀಣರೂ ಆದ ಗುರುವರ್ಯರು ತಮ್ಮ ಬಾಳಿಗೆ ಬೆಳಕಾದರೆಂದು ಎರಡು ಪುಟ ತುಂಬ ಬರೆದಿದ್ದರು.

ನಾನು ಆ ಗುರುಗಳ ಹೆಸರಿನ ಮೇಲೆ ಬೆರಳಿಟ್ಟು, 'ಇಲ್ಲಿ ನನ್ನ ಹೆಸರನ್ನು ಹಾಕಿ ಓದಿ' ಎಂದೆನು. ಅವರು ಓದಿದರು. ಪತ್ರ ನನಗೂ ಚೆನ್ನಾಗಿಯೇ ಒಪ್ಪಿತು! ನಾನಾದರೋ ಅವರಿಗೆ ಒಂದು ಅಕ್ಷರವನ್ನೂ ಕಲಿಸಿದವನಲ್ಲ. ಪತ್ರದಲ್ಲಿ ಕೊರತೆ ಇದೆಯೇ ಎಂದು ತಿಳಿಯಲು ಇದಕ್ಕಿಂತ ಸುಲಭವಾದ ಪರೀಕ್ಷೆ ಬೇರೊಂದಿಲ್ಲ. ಹೆಸರು ಬದಲಿಸಿದರೂ ಕೆಡದೆ ನಿಲ್ಲುವ ಪತ್ರ ಯಾರಿಗೂ ಬರೆದುದಲ್ಲ.

ಇದರ ಕಾರಣ ವ್ಯಾಕರಣದಲ್ಲಿಯೇ ಇದೆ. ಆ ಕರಡಿನ ಭಾರವೆಲ್ಲ ವಿಶೇಷಣಗಳ ಮೇಲೆ ಬಿದ್ದಿತ್ತು. ಗುರುಗಳು ಕರ್ತೃವಾಗಿ ನಿಂತ ಕ್ರಿಯಾಪದಗಳು 'ಬೆಳಕಾದಿರಿ', 'ದಾರಿ ತೋರಿದಿರಿ' ಎಂಬ ಎರಡೇ. ವಿಶೇಷಣವು ಗುಣವನ್ನು ಹೇಳುತ್ತದೆ. ಕೃತವನ್ನು ಹೇಳಬಲ್ಲುದು ಕ್ರಿಯಾಪದವೊಂದೇ. ಅಲಂಕಾರಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಇಂಥ ಪತ್ರಕ್ಕೆ ಬೇಕಾದುದು ಅತಿಶಯೋಕ್ತಿಯಲ್ಲ, ಇದ್ದುದನ್ನು ಇದ್ದಂತೆ ಕಾಣಿಸುವ ಸ್ವಭಾವೋಕ್ತಿ. ಮಾನಪತ್ರದ ಮಾತು ಬೇರೆ. ಅದನ್ನು ಸಭೆಯಲ್ಲಿ ಎಲ್ಲರ ಪರವಾಗಿ ಓದಬೇಕು. ಎಲ್ಲರಿಗೂ ಸಲ್ಲುವ ಮಾತುಗಳೇ ಅಲ್ಲಿ ಶೋಭಿಸುತ್ತವೆ. ಪತ್ರವು ಒಬ್ಬನು ಒಬ್ಬರಿಗೆ ಬರೆಯುವುದು. ನಾವು ಮಾನಪತ್ರದ ಶೈಲಿಯನ್ನು ಪತ್ರಕ್ಕೆ ತಂದು ಕೆಡಿಸುತ್ತೇವೆ.

ಮುಂದೆ ನಾನು ಅವರಿಗೆ ನಾಲ್ಕು ಪ್ರಶ್ನೆಗಳನ್ನು ಹಾಕಿದೆನು. ಆ ಗುರುಗಳ ಬಳಿಗೆ ಬರುವ ಮುನ್ನ ನಿಮಗೆ ಏನು ಬಾರದಿತ್ತು? ಅವರು ಯಾವ ದಿನ, ಯಾವ ಮಾತನ್ನು ಹೇಳಿದರು, ಏನು ಮಾಡಿದರು? ಅದರಿಂದಾಗಿ ನೀವು ಇಂದಿಗೂ ಮಾಡುತ್ತಿರುವ ಕೆಲಸ ಯಾವುದು? ಆ ಕೆಲಸದಲ್ಲಿ ಅವರ ಪಾಲು ಎಷ್ಟು, ಇತರರ ಪಾಲು ಎಷ್ಟು? ಮೊದಲ ಪ್ರಶ್ನೆಗೆ ಅವರು ಬಹಳ ಹೊತ್ತು ಸುಮ್ಮನಿದ್ದರು. ತಮ್ಮ ಅರಿಯಮೆಯನ್ನು ನೆನೆಯದೆ ಗುರುವಿನ ಉಪಕಾರವನ್ನು ಅಳೆಯಲು ಬಾರದು; ಈ ಅಳತೆಗೆ ಸಂಕೋಚಪಟ್ಟೇ ಜನರು ಸ್ತುತಿಗೆ ಮೊರೆಹೋಗುತ್ತಾರೆ. ಒಂದು ವಾರದ ನಂತರ ಅವರು ತಂದು ತೋರಿಸಿದ ಪತ್ರವನ್ನು, ಅವರ ಅನುಮತಿಯಿಂದ, ಹೆಸರುಗಳನ್ನು ಬಿಟ್ಟು ಇಲ್ಲಿ ಕೊಡುತ್ತಿದ್ದೇನೆ.

"ಪೂಜ್ಯ ಗುರುಗಳಿಗೆ ಸಾಷ್ಟಾಂಗ ನಮಸ್ಕಾರಗಳು. ಒಂಬತ್ತನೆಯ ತರಗತಿಯಲ್ಲಿ ತಾವು ನಮಗೆ ಹಳಗನ್ನಡ ಪದ್ಯಗಳನ್ನು ಕಲಿಸುತ್ತಿದ್ದಿರಿ. ನಾನು ಮೊದಲ ಪದದಿಂದಲೇ ಅರ್ಥವನ್ನು ಊಹಿಸುತ್ತ ಹೋಗಿ, ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಕೊಟ್ಟವನು ಯಾರು, ಕೊಂಡವನು ಯಾರು ಎಂಬುದನ್ನು ಅದಲುಬದಲು ಮಾಡುತ್ತಿದ್ದೆನು. ಒಂದು ದಿನ ತಾವು ನನ್ನ ಪುಸ್ತಕದ ಮೇಲೆ ಅಂಗೈಯಿಟ್ಟು, 'ಅರ್ಥ ಹೇಳಬೇಡ. ಮೊದಲು ಕ್ರಿಯಾಪದದ ಮೇಲೆ ಬೆರಳಿಡು' ಎಂದಿರಿ. ಬೆರಳಿಟ್ಟ ಮೇಲೆ 'ಯಾರು?' ಎಂದು ಕೇಳಿದಿರಿ, ಅನಂತರ 'ಏನನ್ನು?', ಅನಂತರ 'ಯಾರಿಗೆ?'. ಅಂದು ಅರ್ಥವನ್ನು ತಾವು ಹೇಳಲಿಲ್ಲ, ನನ್ನಿಂದಲೇ ಹೇಳಿಸಿದಿರಿ.

"ನಾನು ಈಗ ದಸ್ತಾವೇಜುಗಳನ್ನು ಬರೆಯುತ್ತೇನೆ, ಓದಿ ಹೇಳುತ್ತೇನೆ. ಹಳೆಯ ಪತ್ರಗಳಲ್ಲಿ ಒಂದೊಂದು ವಾಕ್ಯ ಒಂದೊಂದು ಪುಟದಷ್ಟಿರುತ್ತದೆ. ಕಳೆದ ವರ್ಷ ಒಬ್ಬ ವಿಧವೆ ತಮ್ಮ ಮನೆತನದ ವಿಭಾಗಪತ್ರವನ್ನು ತಂದರು. ಬಾವಿಯ ಹಕ್ಕನ್ನು ಅವರ ಗಂಡನು ಬಿಟ್ಟುಕೊಟ್ಟಿದ್ದನೆಂದು ಮನೆಯವರು ಓದಿ ಹೇಳಿದ್ದರಂತೆ. ಹಾಗೆಂದು ಒಪ್ಪಿ ಅವರು ಹೊಸ ಕಾಗದಕ್ಕೆ ರುಜು ಹಾಕುವವರಿದ್ದರು. ನಾನು ಪುಟದ ಕೊನೆಗೆ ಹೋಗಿ 'ಬಿಟ್ಟುಕೊಟ್ಟಿರುತ್ತಾನೆ' ಎಂಬುದರ ಮೇಲೆ ಬೆರಳಿಟ್ಟು, 'ಯಾರು?' ಎಂದು ಹಿಂದಕ್ಕೆ ಹುಡುಕುತ್ತ ಬಂದೆನು. ಆ ಕ್ರಿಯೆಗೆ ಕರ್ತೃ ಅವರ ಮೈದುನ; ಗಂಡನ ಹೆಸರು ಬಂದಿದ್ದುದು 'ಅಣ್ಣನಿಗೆ' ಎಂಬ ಮಾತಿನೊಡನೆ. ವಕೀಲರಿಗೆ ತೋರಿಸದೆ ರುಜು ಹಾಕಬೇಡಿರೆಂದು ಹೇಳಿ ಕಳುಹಿಸಿದೆನು. ಮುಂದಿನ ಕೆಲಸವನ್ನೆಲ್ಲ ಮಾಡಿದವರು ವಕೀಲರು. ವಾಕ್ಯವನ್ನು ಓದಿದ್ದು ಮಾತ್ರ ನಾನು. ಓದಿದ ಕ್ರಮ ತಮ್ಮದು. ಇದನ್ನು ತಮಗೆ ತಿಳಿಸಬೇಕೆನಿಸಿತು."

ಪತ್ರ ಇಷ್ಟೇ. ಇದರಲ್ಲಿರುವ ಗೌರವವಾಚಕ 'ಪೂಜ್ಯ' ಎಂಬುದೊಂದೇ, ಅದೇ ಸಾಕಾಯಿತು. ಇಲ್ಲಿ ಬೇರೊಬ್ಬರ ಹೆಸರನ್ನು ಹಾಕಿ ಓದಲು ಸಾಧ್ಯವಿಲ್ಲ. ಪುಸ್ತಕದ ಮೇಲೆ ಇಟ್ಟ ಅಂಗೈ ಒಬ್ಬರದೇ. ಆ ಗುರುಗಳು ಕಲಿಸಿದುದು ಖಂಡಾನ್ವಯದ ಕ್ರಮ. ಕ್ರಿಯಾಪದದಿಂದ ಹೊರಟು ಪ್ರಶ್ನೆ ಕೇಳುತ್ತ ಒಂದೊಂದೇ ಪದವನ್ನು ಜೋಡಿಸುವ ಈ ಕ್ರಮವನ್ನು ಪಾಠಶಾಲೆಯಲ್ಲಿ ಓದಿದವರೆಲ್ಲ ಬಲ್ಲರು. ಅದರ ಹೆಸರು ಶಿಷ್ಯನಿಗೆ ಮರೆತುಹೋಗಿತ್ತು, ಬೆರಳಿಗೆ ಮಾತ್ರ ನೆನಪಿತ್ತು. ಹೆಸರನ್ನು ಸೇರಿಸೋಣವೇ ಎಂದು ನಾನು ಯೋಚಿಸಿ, ಬೇಡವೆಂದು ಬಿಟ್ಟೆನು. ಅವರಲ್ಲಿ ಉಳಿದುದು ಯಾವುದೋ ಅದೇ ಪತ್ರದಲ್ಲಿಯೂ ಇರತಕ್ಕದ್ದು.

ಇಂಥ ಪತ್ರಗಳಲ್ಲಿ ತಪ್ಪುವ ಎಡೆಗಳೂ ಉಂಟು. ಒಂದನೆಯದು, ಸಾಲವನ್ನು ಹೆಚ್ಚಿಸಿ ಹೇಳುವುದು. 'ಆ ವಿಧವೆಯ ಆಸ್ತಿ ತಮ್ಮಿಂದ ಉಳಿಯಿತು' ಎಂದು ಬರೆದಿದ್ದರೆ ಗುರುಗಳು ನಂಬುತ್ತಿರಲಿಲ್ಲ. ನಿಜವಾದ ಪಾಲೂ ಆಗ ಸುಳ್ಳಿನಂತೆ ಕಾಣುತ್ತಿತ್ತು. ವಕೀಲರ ಪಾಲನ್ನು ವಕೀಲರಿಗೆ ಬಿಟ್ಟುದರಿಂದಲೇ ಗುರುಗಳ ಪಾಲು ಗಟ್ಟಿಯಾಯಿತು. ಎರಡನೆಯದು, ಗುರುವಿನ ನೆಪದಲ್ಲಿ ತನ್ನ ಸಾಧನೆಯನ್ನು ಹೇಳಿಕೊಳ್ಳುವುದು. ಇದನ್ನು ಕಂಡುಹಿಡಿಯಲು 'ನಾನು' ಕರ್ತೃವಾದ ವಾಕ್ಯಗಳನ್ನು ನೋಡಬೇಕು. ಅವು ಗುರುಗಳಿಂದ ಕಲಿತುದನ್ನು ಬಳಸಿದ ವಾಕ್ಯಗಳಾಗಿದ್ದರೆ ಇರಲಿ; ಪದವಿ, ಸಂಬಳ, ಮನೆಗಳ ವಾಕ್ಯಗಳಾಗಿದ್ದರೆ ಹೊಡೆದುಹಾಕಬೇಕು. ಮೂರನೆಯದು, ಒಬ್ಬರನ್ನು ಎತ್ತಲು ಇತರ ಉಪಾಧ್ಯಾಯರನ್ನು ಇಳಿಸುವುದು. ಸಹೋದ್ಯೋಗಿಗಳ ನಿಂದೆಯಿಂದ ಯಾವ ಗುರುವಿಗೂ ಸಂತೋಷವಾಗದು. ಕೊನೆಯದು, ಪತ್ರದ ತುದಿಯಲ್ಲಿ ಒಂದು ಕೋರಿಕೆಯನ್ನಿಡುವುದು. ಮಗನಿಗೊಂದು ಶಿಫಾರಸು ಬೇಕಾಗಿದ್ದರೆ ಅದನ್ನು ಬೇರೆ ದಿನ, ಬೇರೆ ಪತ್ರದಲ್ಲಿ ಕೇಳಬೇಕು. ಕೋರಿಕೆ ಬಂದೊಡನೆ ಮೇಲಿನದೆಲ್ಲ ಅದಕ್ಕೆ ಪೀಠಿಕೆಯಾಗಿಬಿಡುತ್ತದೆ.

ಲೋಕಪ್ರಸಿದ್ಧರೊಬ್ಬರ ಉದಾಹರಣೆಯೂ ಇದೆ. ಫ್ರೆಂಚ್ ಲೇಖಕ ಆಲ್ಬೆರ್ ಕಾಮೂ ಅವರಿಗೆ 1957ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಅದೇ ವರ್ಷ ನವೆಂಬರ್ 19ರಂದು ಅವರು ಆಲ್ಜೀರಿಯದಲ್ಲಿ ತಮಗೆ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದ್ದ ಲೂಯಿ ಜೆರ್ಮೇನ್ ಅವರಿಗೆ ಒಂದು ಚಿಕ್ಕ ಪತ್ರ ಬರೆದರು. ಕಾಮೂ ಕೂಸಾಗಿದ್ದಾಗಲೇ ತಂದೆ ಯುದ್ಧದಲ್ಲಿ ತೀರಿಕೊಂಡಿದ್ದರು, ಮನೆಯಲ್ಲಿ ಕಡುಬಡತನ. ಹುಡುಗನು ಬೇಗ ದುಡಿಯಲೆಂಬುದು ಅಜ್ಜಿಯ ಇಚ್ಛೆ. ಉಪಾಧ್ಯಾಯರು ಅಜ್ಜಿಯನ್ನು ಒಪ್ಪಿಸಿ, ಹುಡುಗನಿಗೆ ಶುಲ್ಕವಿಲ್ಲದೆ ಹೆಚ್ಚಿನ ಪಾಠ ಹೇಳಿ, ವಿದ್ಯಾರ್ಥಿವೇತನದ ಪರೀಕ್ಷೆಗೆ ಕೂರಿಸಿದರು. ಸುದ್ದಿ ಬಂದಾಗ ತಾಯಿಯ ನಂತರ ತಮ್ಮ ನೆನಪು ಹೋದುದು ಆ ಉಪಾಧ್ಯಾಯರ ಕಡೆಗೆ ಎಂದೂ, ಅಂದು ಬಡಹುಡುಗನೊಬ್ಬನಿಗೆ ಅವರು ನೀಡಿದ ಕೈಯೂ ಪಾಠವೂ ಮೇಲ್ಪಂಕ್ತಿಯೂ ಇಲ್ಲದಿದ್ದರೆ ಇದೊಂದೂ ಆಗುತ್ತಿರಲಿಲ್ಲವೆಂದೂ ಕಾಮೂ ತಿಳಿಸಿದರು. ಪ್ರಶಸ್ತಿಯನ್ನು ತಾವು ಬಹು ದೊಡ್ಡದಾಗಿ ಎಣಿಸುವುದಿಲ್ಲ, ಈ ಮಾತನ್ನು ಹೇಳಲು ಅದೊಂದು ಸಂದರ್ಭವಾಯಿತು ಎಂದೂ ಬರೆದರು. ಗುರುಗಳು ಆಗ ಬದುಕಿದ್ದರು. ಅವರು ಮರುಪತ್ರವನ್ನೂ ಬರೆದರು.

ಎಲ್ಲರಿಗೂ ಆ ಭಾಗ್ಯವಿರುವುದಿಲ್ಲ. ಕುವೆಂಪು ಅವರು ತಮ್ಮ 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯವನ್ನು ಗುರುಗಳಾದ ಟಿ. ಎಸ್. ವೆಂಕಣ್ಣಯ್ಯನವರಿಗೆ ಅರ್ಪಿಸಿದರು; ಕಾವ್ಯ ಅಚ್ಚಾಗುವ ಹೊತ್ತಿಗೆ ವೆಂಕಣ್ಣಯ್ಯನವರು ತೀರಿಕೊಂಡು ವರ್ಷಗಳು ಕಳೆದಿದ್ದವು. ಮಹಾಕವಿಗೆ ಕಾವ್ಯದ ಅರ್ಪಣೆಯಾದರೂ ಇತ್ತು. ನಮ್ಮಂಥವರಿಗೆ ಇರುವುದು ಅಂಚೆಯೊಂದೇ, ಅದು ಗುರುಗಳು ಇರುವಾಗಲೇ ತಲುಪಬೇಕು.

ದಸ್ತಾವೇಜಿನ ಆ ಶಿಷ್ಯರಿಗೆ ಹದಿನೈದು ದಿನಗಳಲ್ಲಿ ಉತ್ತರ ಬಂದಿತು. ಅಕ್ಷರಗಳು ನಡುಗಿದ್ದವು. ಆ ದಿನದ ನೆನಪು ತಮಗಿಲ್ಲವೆಂದು ಗುರುಗಳು ಬರೆದಿದ್ದರು. ಹುಡುಗರಿಗೆ ಬೇಸರವೆಂದೂ, ಪರೀಕ್ಷೆಗೆ ಉಪಯೋಗವಿಲ್ಲವೆಂದೂ ಎಣಿಸಿ, ನಿವೃತ್ತಿಗೆ ಮುಂಚಿನ ಐದಾರು ವರ್ಷ ಅನ್ವಯ ಮಾಡಿಸುವುದನ್ನೇ ತಾವು ಬಿಟ್ಟುಬಿಟ್ಟಿದ್ದರಂತೆ. 'ಈ ಪತ್ರ ಆಗಲೇ ಬಂದಿದ್ದರೆ ಬಿಡುತ್ತಿರಲಿಲ್ಲ' ಎಂಬುದು ಅವರ ಕೊನೆಯ ಸಾಲು.

ಆ ಸಾಲನ್ನು ನನಗೆ ಓದಿ ಹೇಳಿದಾಗ ಶಿಷ್ಯರ ಮುಖ ಬಾಡಿತ್ತು. ನಾನೂ ಮಾತಾಡಲಿಲ್ಲ. ಉಪಾಧ್ಯಾಯನಿಗೆ ತನ್ನ ಕೆಲಸದಲ್ಲಿ ಯಾವುದು ನಾಟಿತು, ಯಾವುದು ಕೊಚ್ಚಿಹೋಯಿತು ಎಂಬುದು ತರಗತಿಯಲ್ಲಿ ತಿಳಿಯುವುದಿಲ್ಲ. ಅದನ್ನು ತಿಳಿಸಬಲ್ಲವನು ಶಿಷ್ಯನೊಬ್ಬನೇ, ಅದೂ ಹಲವು ವರ್ಷಗಳ ತರುವಾಯ. ಕರುಣಾಸಾಗರರೆಂದು ಕರೆಸಿಕೊಂಡ ಗುರುವಿಗೆ ನಾಳೆ ತರಗತಿಯಲ್ಲಿ ಏನನ್ನು ಉಳಿಸಿಕೊಳ್ಳಬೇಕೆಂಬುದು ಹೊಳೆಯದು. ಅಂಗೈಯಿಟ್ಟುದು ಫಲಿಸಿತೆಂದು ತಿಳಿದ ಗುರುವು ಇನ್ನೊಬ್ಬ ಹುಡುಗನ ಪುಸ್ತಕದ ಮೇಲೆಯೂ ಅಂಗೈಯಿಡುತ್ತಾನೆ.