ಲೇಖನ ಓದಿಸಿಕೊಳ್ಳುತ್ತದೆಯೇ? ಪರಿಶೀಲಿಸುವ ಬಗೆ

ಒಂದು ಲೇಖನ ಓದಿಸಿಕೊಳ್ಳುತ್ತದೆಯೇ ಎಂದು ನೋಡುವಾಗ ಪರಿಶೀಲಿಸಬೇಕಾದದ್ದು ಮುಖ್ಯವಾಗಿ ಮೂರು: ಉಪಶೀರ್ಷಿಕೆಗಳ ಜೋಡಣೆ, ಆರಂಭದ ಪ್ಯಾರಾ, ವಾಕ್ಯಗಳ ಸರಳತೆ. ಈ ಕ್ರಮಕ್ಕೂ ಅರ್ಥವಿದೆ. ಹೆಚ್ಚಿನವರು ಕರಡು ಕೈಗೆ ಬಂದ ಕೂಡಲೇ ವಾಕ್ಯ ತಿದ್ದಲು ತೊಡಗುತ್ತಾರೆ. ಕೊನೆಗೆ ಆ ಪ್ಯಾರಾವೇ ಬೇಡವೆಂದು ಗೊತ್ತಾದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಆದ್ದರಿಂದ ಮೊದಲು ಚೌಕಟ್ಟು, ಆಮೇಲೆ ಆರಂಭ, ಕಡೆಗೆ ವಾಕ್ಯ.

ಉದಾಹರಣೆಗೆ, ಮನೆಯ ಚಾವಣಿಯಲ್ಲಿ ಮಳೆನೀರು ಕೊಯ್ಲು ಮಾಡುವುದು ಹೇಗೆ ಎಂಬ ಲೇಖನದ ಕರಡೊಂದನ್ನು ಇಟ್ಟುಕೊಳ್ಳಬಹುದು. ಅದರ ಉಪಶೀರ್ಷಿಕೆಗಳು ಹೀಗಿವೆ: ಪೀಠಿಕೆ, ಮಹತ್ವ, ವಿಧಾನಗಳು, ಇತರ ಮಾಹಿತಿ, ಉಪಸಂಹಾರ.

ಉಪಶೀರ್ಷಿಕೆಗಳನ್ನಷ್ಟೇ ಓದುವುದು

ಲೇಖನದ ಉಳಿದ ಭಾಗವನ್ನು ಮುಚ್ಚಿಟ್ಟು ಉಪಶೀರ್ಷಿಕೆಗಳನ್ನು ಮಾತ್ರ ಒಂದು ಹಾಳೆಗೆ ಬರೆದುಕೊಳ್ಳಬೇಕು. ಆ ಪಟ್ಟಿಯನ್ನು ಬೇರೊಬ್ಬರ ಕೈಗೆ ಕೊಟ್ಟು, ಲೇಖನ ಯಾವುದರ ಬಗ್ಗೆ ಎಂದು ಕೇಳಬೇಕು. ಮೇಲಿನ ಪಟ್ಟಿಯನ್ನು ನೋಡಿ ಯಾರೂ ಮಳೆನೀರಿನ ಹೆಸರೆತ್ತಲಾರರು. ಅದೇ ಪಟ್ಟಿ ರೇಷ್ಮೆ ಕೃಷಿಗೂ ಸಲ್ಲುತ್ತದೆ, ಮಧುಮೇಹಕ್ಕೂ ಸಲ್ಲುತ್ತದೆ. ಯಾವ ಲೇಖನಕ್ಕಾದರೂ ಹೊಂದುವ ಉಪಶೀರ್ಷಿಕೆಯಿಂದ ಯಾವ ಲೇಖನಕ್ಕೂ ಪ್ರಯೋಜನವಿಲ್ಲ. ‘ಇತರ ಮಾಹಿತಿ’ ಎಂಬುದಂತೂ ಎಲ್ಲಿ ಸೇರಿಸಬೇಕೆಂದು ತೋಚದ ಸಂಗತಿಗಳೆಲ್ಲ ಒಂದೆಡೆ ಬಿದ್ದಿವೆ ಎಂಬುದರ ಸೂಚನೆ.

ತಿದ್ದಿದ ಪಟ್ಟಿ ಹೀಗಿರಬಹುದು: ‘ಚಾವಣಿಯಿಂದ ಎಷ್ಟು ನೀರು ಸಿಗುತ್ತದೆ’, ‘ಮೊದಲ ಮಳೆಯ ನೀರನ್ನು ಹೊರಗೆ ಬಿಡುವುದೇಕೆ’, ‘ಜಲ್ಲಿ, ಮರಳಿನ ಸೋಸುತೊಟ್ಟಿ’, ‘ತೊಟ್ಟಿಗೆ ತುಂಬುವುದೋ, ಕೊಳವೆಬಾವಿಗೆ ಇಂಗಿಸುವುದೋ’, ‘ಮಳೆಗಾಲಕ್ಕೆ ಮುಂಚಿನ ಶುಚಿ’. ಇವನ್ನಷ್ಟೇ ಓದಿದವರಿಗೂ ವಿಷಯದ ಸ್ಥೂಲ ನಕ್ಷೆ ಸಿಗುತ್ತದೆ. ಕ್ರಮ ತಪ್ಪಿದ್ದರೆ ಅದೂ ಇಲ್ಲೇ ಕಾಣುತ್ತದೆ. ಸೋಸುತೊಟ್ಟಿ ಎಂದರೇನು ಎಂದು ಹೇಳುವ ಮೊದಲೇ ಅದನ್ನು ಶುಚಿ ಮಾಡುವ ಮಾತು ಬಂದಿದ್ದರೆ ಪಟ್ಟಿಯ ಮೇಲೆ ಕಣ್ಣಾಡಿಸಿದಾಗಲೇ ಅದು ತೊಡಕಾಗಿ ತೋರುತ್ತದೆ.

ಉಪಶೀರ್ಷಿಕೆಗಳಲ್ಲಿ ಹಂತಗಳೂ ಇರುತ್ತವೆ. ಸೋಸುತೊಟ್ಟಿಯ ಅಳತೆಯ ವಿವರ ಸೋಸುತೊಟ್ಟಿಯ ಭಾಗದ ಒಳಗೆ ಬರಬೇಕೇ ಹೊರತು ಅದಕ್ಕೆ ಸಮನಾಗಿ ಅಲ್ಲ. ಒಂದು ಭಾಗದೊಳಗೆ ಒಂದೇ ಒಂದು ಒಳಶೀರ್ಷಿಕೆ ಇದ್ದರೆ ಅದು ಬೇಕಿಲ್ಲ, ಏಕೆಂದರೆ ಅಲ್ಲಿ ವಿಂಗಡಿಸಲು ಎರಡನೆಯದೇ ಇಲ್ಲ. ಪರದೆಯ ಮೇಲೆ ಓದುವ ಬರಹವಾದರೆ ಅಕ್ಷರವನ್ನು ದಪ್ಪ ಮಾಡಿದ ಮಾತ್ರಕ್ಕೆ ಅದು ಶೀರ್ಷಿಕೆಯಾಗುವುದಿಲ್ಲ. ದೃಷ್ಟಿ ಇಲ್ಲದವರು ಬಳಸುವ ಎನ್‌ವಿಡಿಎಯಂಥ ಪರದೆ ಓದುವ ತಂತ್ರಾಂಶದಲ್ಲಿ H ಕೀಲಿ ಒತ್ತಿದರೆ ಮುಂದಿನ ಶೀರ್ಷಿಕೆಗೆ ಹೋಗಬಹುದು. ಆದರೆ ಶೀರ್ಷಿಕೆ ಎಂದು ಗುರುತು ಮಾಡಿದ ಸಾಲುಗಳನ್ನು ಮಾತ್ರ ಅದು ಗುರುತಿಸುತ್ತದೆ. ಬರೀ ದಪ್ಪ ಅಕ್ಷರದ ಸಾಲು ಅದಕ್ಕೆ ಮಾಮೂಲಿ ಪ್ಯಾರಾ. ಕಣ್ಣಿಗೆ ಅಚ್ಚುಕಟ್ಟಾಗಿ ಕಂಡ ಲೇಖನ ಅಂಥ ಓದುಗರಿಗೆ ತಲೆಬುಡವಿಲ್ಲದ ಒಂದೇ ಉದ್ದದ ಬರಹವಾಗಿ ಕೇಳಿಸುವುದು ಹೀಗೆ.

ಮೊದಲ ಪ್ಯಾರಾ ತೆಗೆದು ನೋಡುವುದು

ಕರಡಿನ ಆರಂಭ ಹೀಗಿದೆ: ‘ನೀರು ಸಕಲ ಜೀವರಾಶಿಗೂ ಆಧಾರ. ಅನಾದಿಕಾಲದಿಂದಲೂ ಮಾನವ ನೀರನ್ನು ಅವಲಂಬಿಸಿದ್ದಾನೆ. ಇಂದು ನೀರಿನ ಸಮಸ್ಯೆ ಉಲ್ಬಣಗೊಂಡಿದೆ.’ ಇದರಲ್ಲಿ ತಪ್ಪೇನೂ ಇಲ್ಲ, ಆದರೆ ಓದುಗರಿಗೆ ಗೊತ್ತಿಲ್ಲದ್ದೂ ಏನೂ ಇಲ್ಲ. ಪರೀಕ್ಷೆ ಸುಲಭ: ಈ ಪ್ಯಾರಾವನ್ನು ಕೈಯಿಂದ ಮುಚ್ಚಿ ಎರಡನೆಯದರಿಂದ ಓದಬೇಕು. ಏನೂ ಕಳೆದುಕೊಂಡಂತೆ ಅನ್ನಿಸದಿದ್ದರೆ ಲೇಖನ ಶುರುವಾಗುವುದೇ ಎರಡನೆಯ ಪ್ಯಾರಾದಿಂದ. ಎಷ್ಟೋ ಕರಡುಗಳಲ್ಲಿ ನಿಜವಾದ ಆರಂಭ ಮೂರನೆಯ ಪ್ಯಾರಾದಲ್ಲಿ ಅಡಗಿರುತ್ತದೆ.

ಈ ಕರಡಿನಲ್ಲೂ ಹಾಗೆಯೇ. ‘1,200 ಚದರಡಿಯ ಚಾವಣಿಯ ಮೇಲೆ ಒಂದು ಸೆಂಟಿಮೀಟರ್ ಮಳೆ ಸುರಿದರೆ ಸಾವಿರ ಲೀಟರಿಗೂ ಹೆಚ್ಚು ನೀರು ಬೀಳುತ್ತದೆ’ ಎಂಬ ಸಾಲು ಒಳಗೆಲ್ಲೋ ಇದೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು ಎಂಬುದು ಲೆಕ್ಕ. 1,200 ಚದರಡಿ ಎಂದರೆ ಸುಮಾರು 111 ಚದರ ಮೀಟರ್, ಹಾಗಾಗಿ ಅಂಕಿ ಸರಿಯಾಗಿದೆ. ಈ ಸಾಲು ಮೇಲೆ ಬಂದರೆ ಓದುಗರು ತಮ್ಮ ಮನೆಯ ಚಾವಣಿಯನ್ನು ನೆನೆಯುತ್ತಾರೆ. ಅಷ್ಟು ನೀರು ಈಗ ಎಲ್ಲಿಗೆ ಹೋಗುತ್ತಿದೆ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಮುಂದೆ ಓದಿಸುವುದು ಆ ಪ್ರಶ್ನೆ.

ಪ್ರಶ್ನೆ ಎಬ್ಬಿಸಿದರೆ ಸಾಲದು, ಲೇಖನ ಅದಕ್ಕೆ ಉತ್ತರವನ್ನೂ ಕೊಡಬೇಕು. ಇದನ್ನು ತಿಳಿಯಲು ಒಬ್ಬ ಓದುಗರಿಗೆ ಆರಂಭವನ್ನಷ್ಟೇ ಓದಲು ಕೊಟ್ಟು, ಮುಂದೆ ಏನೇನು ಬರಬಹುದು ಎಂದು ಕೇಳಬೇಕು. ಅವರು ಹೇಳಿದ್ದನ್ನು ಉಪಶೀರ್ಷಿಕೆಗಳ ಪಟ್ಟಿಯ ಪಕ್ಕದಲ್ಲಿಟ್ಟು ನೋಡಬೇಕು. ಖರ್ಚೆಷ್ಟು ಎಂದು ಅವರು ನಿರೀಕ್ಷಿಸಿ, ಪಟ್ಟಿಯಲ್ಲಿ ಖರ್ಚಿನ ಸುದ್ದಿಯೇ ಇಲ್ಲದಿದ್ದರೆ ಒಂದೋ ಆ ಭಾಗ ಸೇರಬೇಕು, ಇಲ್ಲವೇ ಆರಂಭ ಬದಲಾಗಬೇಕು. ಬೆರಗು ಹುಟ್ಟಿಸಿ ಬೇರೆಡೆಗೆ ಹೊರಳುವ ಆರಂಭ ಸಪ್ಪೆ ಆರಂಭಕ್ಕಿಂತ ಕೆಟ್ಟದ್ದು.

ವಾಕ್ಯದ ಭಾರ

ಇಂಗ್ಲಿಷಿನಲ್ಲಿ ಸರಳತೆ ಅಳೆಯಲು 1948ರಲ್ಲಿ ರುಡಾಲ್ಫ್ ಫ್ಲೆಶ್ ಕೊಟ್ಟ ಸೂತ್ರ ಪ್ರಸಿದ್ಧ. ಒಂದು ವಾಕ್ಯಕ್ಕೆ ಎಷ್ಟು ಪದ, ಒಂದು ಪದಕ್ಕೆ ಎಷ್ಟು ಉಚ್ಚಾರಾಂಶ ಎಂಬುದನ್ನು ಲೆಕ್ಕ ಹಾಕಿ ಅದು ಸಾಮಾನ್ಯವಾಗಿ ಸೊನ್ನೆಯಿಂದ ನೂರರೊಳಗೆ ಅಂಕ ಕೊಡುತ್ತದೆ. ಅಂಕ ಹೆಚ್ಚಿದಷ್ಟೂ ಓದು ಸುಲಭ. ಕನ್ನಡಕ್ಕೆ ಇದು ಒಗ್ಗುವುದಿಲ್ಲ. ‘ಮಳೆ ನಿಂತ ಮೇಲೆ ಪೈಪಿನ ಜಾಲರಿಯನ್ನು ತೊಳೆಯಬೇಕು’ ಎಂಬುದು ಮಕ್ಕಳಿಗೂ ಅರ್ಥವಾಗುವ ವಾಕ್ಯ. ಅದರಲ್ಲಿ 6 ಪದ, 19 ಉಚ್ಚಾರಾಂಶ. ಫ್ಲೆಶ್ ಸೂತ್ರ ಹಾಕಿದರೆ ಬರುವ ಅಂಕ ಸೊನ್ನೆಗಿಂತ 67 ಕೆಳಗೆ! ವಿಭಕ್ತಿ, ಕ್ರಿಯಾಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳುವ ನುಡಿಯಲ್ಲಿ ಪದದ ಉದ್ದ ಕಷ್ಟದ ಗುರುತಲ್ಲ.

ಕನ್ನಡದಲ್ಲಿ ಕಷ್ಟ ಬೇರೆ ಕಡೆ ಇದೆ. ಕರಡಿನ ಈ ವಾಕ್ಯವನ್ನು ನೋಡಬಹುದು: ‘ಚಾವಣಿಯಿಂದ ಹರಿದುಬರುವ, ಮೊದಲ ಮಳೆಯಲ್ಲಿ ಧೂಳು, ಎಲೆ ಹಾಗೂ ಹಕ್ಕಿಗಳ ಹಿಕ್ಕೆಯಿಂದ ಕಲುಷಿತಗೊಂಡಿರುವ ನೀರನ್ನು ತೊಟ್ಟಿಗೆ ಸೇರದಂತೆ ಹೊರಬಿಡುವ ವ್ಯವಸ್ಥೆಯನ್ನು ಅಳವಡಿಸುವ ಕಾರ್ಯವನ್ನು ಪ್ರತಿಯೊಬ್ಬ ಮನೆಮಾಲೀಕರು ಕೈಗೊಳ್ಳುವುದು ಅವಶ್ಯಕವಾಗಿರುತ್ತದೆ.’ ಕ್ರಿಯಾಪದ ಕೊನೆಗೆ ಬರುವುದರಿಂದ ಅಲ್ಲಿಯವರೆಗೆ ಓದುಗರು ಎಲ್ಲವನ್ನೂ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಬೇಕು. ಹರಿದುಬರುವ, ಕಲುಷಿತಗೊಂಡಿರುವ, ಹೊರಬಿಡುವ, ಅಳವಡಿಸುವ ಎಂದು ನಾಲ್ಕು ವಿಶೇಷಣಗಳು ಸಾಲುಗಟ್ಟಿವೆ. ಇಂಥವು ಒಂದೇ ವಾಕ್ಯದಲ್ಲಿ ಎರಡನ್ನು ಮೀರಿದರೆ ಒಡೆಯುವುದು ಒಳ್ಳೆಯದು. ‘ಕಾರ್ಯವನ್ನು ಕೈಗೊಳ್ಳುವುದು’ ಎಂಬಂಥ ಕಚೇರಿ ನುಡಿಯನ್ನು ಕಿತ್ತರೆ ಅರ್ಥಕ್ಕೇನೂ ಕೊರತೆಯಾಗದು.

ಒಡೆದರೆ ಹೀಗಾಗುತ್ತದೆ: ‘ಮೊದಲ ಮಳೆಗೆ ಚಾವಣಿಯ ಧೂಳು, ಎಲೆ, ಹಕ್ಕಿಗಳ ಹಿಕ್ಕೆ ಕೊಚ್ಚಿಕೊಂಡು ಬರುತ್ತವೆ. ಈ ನೀರು ತೊಟ್ಟಿಗೆ ಸೇರಬಾರದು. ಅದನ್ನು ಹೊರಗೆ ಬಿಡಲು ಪೈಪಿಗೊಂದು ವಾಲ್ವ್ ಹಾಕಿಸಬೇಕು.’ ಮೊದಲಿದ್ದದ್ದು 21 ಪದ, ಈಗಿರುವುದು 19. ಉದ್ದ ಹೆಚ್ಚೇನೂ ಇಳಿದಿಲ್ಲ, ಭಾರ ಇಳಿದಿದೆ.

ಇಂಥ ವಾಕ್ಯಗಳು ಬರೆದವರ ಕಣ್ಣಿಗೆ ಬೀಳುವುದು ಕಡಿಮೆ, ಅವರಿಗೆ ಅರ್ಥ ಮೊದಲೇ ಗೊತ್ತಿರುತ್ತದೆ. ಬೇರೊಬ್ಬರಿಂದ ಗಟ್ಟಿಯಾಗಿ ಓದಿಸಿ, ಅವರು ಎಡವಿದ ಅಥವಾ ಹಿಂದಕ್ಕೆ ಹೋಗಿ ಮತ್ತೆ ಓದಿದ ಜಾಗಕ್ಕೆ ಗುರುತು ಹಾಕಬೇಕು. ಇನ್ನಷ್ಟು ಖಚಿತವಾಗಿ ತಿಳಿಯಬೇಕಾದರೆ 1953ರಲ್ಲಿ ವಿಲ್ಸನ್ ಟೇಲರ್ ಸೂಚಿಸಿದ ಬಿಟ್ಟಪದ ಪರೀಕ್ಷೆ ಇದೆ. ಪ್ರತಿ ಐದನೆಯ ಪದವನ್ನು ಅಳಿಸಿ, ಓದುಗರಿಂದ ತುಂಬಿಸಿ, ಎಷ್ಟು ಸರಿಯಾದವು ಎಂದು ಎಣಿಸುವುದು ಅದರ ವಿಧಾನ. ಪದದ ಉದ್ದವನ್ನು ಲೆಕ್ಕಕ್ಕೆ ಹಿಡಿಯದ ಕಾರಣ ಕನ್ನಡಕ್ಕೂ ಇದು ಸಲ್ಲುತ್ತದೆ. ಪ್ರತ್ಯಯ ತುಸು ಬೇರೆಯಾಗಿ ಮೂಲಪದ ಸರಿಯಿದ್ದರೆ ಒಪ್ಪಿಕೊಳ್ಳುವುದು ನ್ಯಾಯ. ಪರೀಕ್ಷೆಗೆ ಲೇಖನದ ನಡುವಿನ ಭಾಗವನ್ನೇ ಆರಿಸಬೇಕು. ಆರಂಭವನ್ನು ಎಲ್ಲರೂ ಮತ್ತೆ ಮತ್ತೆ ತಿದ್ದಿರುತ್ತಾರೆ, ಬರಹ ಸಡಿಲವಾಗುವುದು ನಡುವೆ.